ಐದು ಘನ ಗಜಕ್ಕೆ ಎಷ್ಟು ಚೀಲ ಸಿಮೆಂಟ್?

14 ಮಾರ್ಚ್ 2024, ಗುರುವಾರ ರಾತ್ರಿ

ಶೆಡ್ಡಿನ ನೆಲದ ನಕ್ಷೆಯಲ್ಲಿ ಕಾಂಕ್ರೀಟ್ 5 ಘನ ಗಜ ಎಂದು ಬರೆದಿದೆ. ಮಿಶ್ರಣ 1:1.5:3, ಅಂದರೆ ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಎಷ್ಟು ಚೀಲ ಬೇಕೆಂದು ನಾನು ಲೆಕ್ಕ ಹಾಕಿದರೆ 37 ಬಂತು. ತಮ್ಮ ಹಾಕಿದರೆ 20. ಇಷ್ಟು ಅಂತರ ಇಟ್ಟುಕೊಂಡು ಸಿಮೆಂಟ್ ತರಿಸೋಕೆ ಆಗಲ್ಲ ಅಲ್ವಾ? ಊಟ ಆದ ಮೇಲೆ ಇಬ್ಬರೂ ಮತ್ತೆ ಕೂತೆವು.

ನನ್ನ ತಪ್ಪು ಬೇಗ ಸಿಕ್ಕಿತು. ಒಂದು ಗಜ ಅಂದರೆ 0.9144 ಮೀಟರ್. ನಾನು 5ನ್ನು ಅದರಿಂದಲೇ ಗುಣಿಸಿಬಿಟ್ಟಿದ್ದೆ. ಆದರೆ ಘನ ಗಜಕ್ಕೆ ಉದ್ದ, ಅಗಲ, ದಪ್ಪ ಮೂರೂ ಇವೆ. ಹಾಗಾಗಿ 0.9144ನ್ನು ಮೂರು ಸಲ ಗುಣಿಸಬೇಕು. ಆಗ ಒಂದು ಘನ ಗಜ 0.7646 ಘನ ಮೀಟರ್. ಐದಕ್ಕೆ 3.82. ಅಳತೆಯಿಂದಲೂ ತಾಳೆ ನೋಡಿದೆವು. ನೆಲ 15 ಅಡಿ, 18 ಅಡಿ, ದಪ್ಪ ಅರ್ಧ ಅಡಿ. ಒಟ್ಟು 135 ಘನ ಅಡಿ. 27 ಘನ ಅಡಿಗೆ ಒಂದು ಘನ ಗಜ, ಸರಿಯಾಗಿ ಐದೇ.

ತಮ್ಮ 3.82 ಸರಿಯಾಗಿ ಹಿಡಿದಿದ್ದ. ಅದನ್ನು ಮಿಶ್ರಣದ ಒಟ್ಟು ಪಾಲು 5.5ರಿಂದ ನೇರವಾಗಿ ಭಾಗಿಸಿದ್ದ. ತಪ್ಪಿದ್ದು ಅಲ್ಲೇ. ಒಣ ಜಲ್ಲಿಯ ನಡುವೆ ಸಂದುಗಳಿರುತ್ತವೆ. ನೀರು ಹಾಕಿ ಕಲಸಿದಾಗ ಮರಳು ಆ ಸಂದುಗಳಿಗೆ ಇಳಿಯುತ್ತದೆ, ಮರಳಿನ ಸಂದಿಗೆ ಸಿಮೆಂಟ್. ಮಾಲು ಕುಗ್ಗುತ್ತದೆ. ಒಂದು ಘನ ಮೀಟರ್ ಹಸಿ ಕಾಂಕ್ರೀಟಿಗೆ ಸುಮಾರು 1.54 ಘನ ಮೀಟರ್ ಒಣ ಮಾಲು ಬೇಕು.

1.54ನ್ನು 5.5ರಿಂದ ಭಾಗಿಸಿದರೆ 0.28 ಘನ ಮೀಟರ್ ಸಿಮೆಂಟ್. ಸಡಿಲ ಸಿಮೆಂಟ್ ಘನ ಮೀಟರಿಗೆ 1440 ಕೆಜಿ ಎಂದು ಹಿಡಿದರೆ 403 ಕೆಜಿ, ಅಂದರೆ 50 ಕೆಜಿಯ 8 ಚೀಲಕ್ಕಿಂತ ಚೂರು ಜಾಸ್ತಿ. 3.82ಕ್ಕೆ 30.8 ಚೀಲ. ಚೆಲ್ಲಿ ಹೋಗುವುದಕ್ಕೆ ನೂರಕ್ಕೆ ಐದು ಸೇರಿಸಿದರೆ 33. ಚೀಲದ ತೂಕ ಓದಿಯೇ ಎಣಿಸಬೇಕು. ಅಮೆರಿಕದ ಚೀಲ 94 ಪೌಂಡ್, ಸುಮಾರು 42.6 ಕೆಜಿ ಅಷ್ಟೇ. ಮಿಶ್ರಣವನ್ನು ಪಾಲಿನಲ್ಲಿ ಹೇಳದೆ, ಇಂಜಿನಿಯರ್ ಘನ ಮೀಟರಿಗೆ ಇಷ್ಟು ಕೆಜಿ ಎಂದು ಬರೆದುಕೊಟ್ಟಿದ್ದರೆ ಈ ಲೆಕ್ಕ ಬೇಡ, ಅವರದ್ದನ್ನೇ ಹಿಡಿಯಬೇಕು.

ನನಗೆ ನಿಜವಾಗಿ ಭಯ ಇರುವುದು ಕಡಿಮೆ ಬೀಳುವ ಲೆಕ್ಕದ್ದು. 20 ಚೀಲ ತಂದಿದ್ದರೆ ನೆಲ ಮೂರರಲ್ಲಿ ಎರಡು ಭಾಗ ಮುಗಿಯುವಷ್ಟರಲ್ಲಿ ಸಿಮೆಂಟ್ ಖಾಲಿ. ಉಳಿದದ್ದು ತರುವ ಹೊತ್ತಿಗೆ ಮೊದಲು ಹಾಕಿದ್ದು ಗಟ್ಟಿಯಾಗಿರುತ್ತದೆ. ಹೊಸದು ಅದಕ್ಕೆ ಸರಿಯಾಗಿ ಬೆಸೆಯಲ್ಲ. ಆ ಗೆರೆಯಲ್ಲೇ ಮುಂದೆ ಬಿರುಕು ಬಿಡುತ್ತದೆ, ನೀರು ಇಳಿಯುತ್ತದೆ.

33 ಎಂದು ಬರೆದಿಟ್ಟ ಮೇಲೆ ತಮ್ಮ ಕೇಳಿದ, "ಅಣ್ಣಾ, ನೆಲ ಎಲ್ಲಾ ಕಡೆ ಆರೇ ಇಂಚು ಇದೆಯಾ?" ಒಳ್ಳೆ ಪ್ರಶ್ನೆ. ಸರಾಸರಿ ಒಂದು ಇಂಚು ಆಳ ಹೆಚ್ಚಿದ್ದರೂ 22.5 ಘನ ಅಡಿ ಕಾಂಕ್ರೀಟ್ ಜಾಸ್ತಿ ಬೇಕು. ಅದಕ್ಕೇ ಐದು ಚೀಲ. ನಾವು ಸೇರಿಸಿದ ನೂರಕ್ಕೆ ಐದು ಅಂದರೆ ಒಂದೂವರೆ ಚೀಲ, ಅದು ಇದಕ್ಕೆ ಸಾಲಲ್ಲ. ಬೆಳಿಗ್ಗೆ ದಾರ ಕಟ್ಟಿ ಒಂಬತ್ತು ಕಡೆ ಆಳ ಅಳೆಯುತ್ತೇವೆ. ಆಮೇಲೆ ಸಿಮೆಂಟಿಗೆ ಹೇಳುತ್ತೇವೆ.