ಒಂದೇ ಆದೇಶ, ಐದು ಖಾಲಿ ಕುರ್ಚಿ

ಬೆಂಗಳೂರಿನ ಒಂದು ಕೇಂದ್ರ ಸರ್ಕಾರಿ ಕಂಪನಿಯಲ್ಲಿ ಕಂಪನಿ ಸೆಕ್ರೆಟರಿ ವಿಭಾಗದಲ್ಲಿದ್ದೇನೆ. ನಮ್ಮದು ಮಿನಿರತ್ನ, ಅಂದರೆ ಸರ್ಕಾರ ಒಂದಿಷ್ಟು ಸ್ವಾಯತ್ತತೆ ಕೊಟ್ಟಿರುವ ಕಂಪನಿ. ಷೇರುಪೇಟೆಯಲ್ಲೂ ಇದೆ. ಬೋರ್ಡಿನಲ್ಲಿ ಅಧ್ಯಕ್ಷರೂ ವ್ಯವಸ್ಥಾಪಕ ನಿರ್ದೇಶಕರೂ ಆದ ಸಿಎಂಡಿ ಸೇರಿ ನಾಲ್ವರು ಒಳಗಿನವರು, ಸಚಿವಾಲಯದ ಇಬ್ಬರು ಅಧಿಕಾರಿಗಳು. ಅಧ್ಯಕ್ಷರೇ ಕಂಪನಿ ನಡೆಸುವವರಾದರೆ ಬೋರ್ಡಿನ ಅರ್ಧದಷ್ಟು ಸ್ವತಂತ್ರ ನಿರ್ದೇಶಕರು, ಅಂದರೆ ಕಂಪನಿಗೂ ಸಚಿವಾಲಯಕ್ಕೂ ಸೇರದ ಹೊರಗಿನವರು, ಇರಬೇಕು ಅನ್ನುತ್ತದೆ ಷೇರುಪೇಟೆಯ ನಿಯಂತ್ರಕ ಸೆಬಿ. ಹಾಗಾಗಿ ಈ ಆರು ಜನಕ್ಕೆ ಸಮವಾಗಿ ಅಂಥವರು ಆರು ಜನ ಬೇಕು. ಇದ್ದರು ಕೂಡ.

ಒಂದು ವರ್ಷ ಜೂನ್ ಕೊನೆಗೆ ಅವರಲ್ಲಿ ಐವರ ಅವಧಿ ಒಟ್ಟಿಗೆ ಮುಗಿಯಿತು. ಮೂರು ವರ್ಷದ ಹಿಂದೆ ಒಂದೇ ಆದೇಶದಲ್ಲಿ ನೇಮಕವಾಗಿದ್ದವರು, ಒಂದೇ ದಿನ ಮನೆಗೆ ಹೋದರು. ಆ ತಾರೀಖು ನನ್ನ ಫೈಲಿನಲ್ಲೇ ಇತ್ತು. ಸಚಿವಾಲಯ ಹೊಸಬರನ್ನು ಕಳಿಸೇ ಕಳಿಸುತ್ತದೆ ಅಂತ ಸುಮ್ನೆ ಕೂತಿದ್ದೆ.

ಹೊಸಬರು ಬರಲಿಲ್ಲ. ಮೊದಲ ಪೆಟ್ಟು ಬೋರ್ಡಿಗಿಂತ ಮೊದಲು ಲೆಕ್ಕ ನೋಡುವ ಆಡಿಟ್ ಕಮಿಟಿಗೆ. ಸಭೆಯ ಕೋರಂಗೆ ಕನಿಷ್ಠ ಇಬ್ಬರು ಸ್ವತಂತ್ರ ನಿರ್ದೇಶಕರು ಬೇಕು, ಉಳಿದಿದ್ದು ಒಬ್ಬರು. ಜೂನ್ ತ್ರೈಮಾಸಿಕದ ಫಲಿತಾಂಶಕ್ಕೆ ಆಗಸ್ಟ್ 14 ಗಡುವು. ಕೊನೆಗೆ ಕಮಿಟಿ ಇಲ್ಲದೆ ಬೋರ್ಡೇ ಲೆಕ್ಕ ನೋಡಿತು. ಯಾಕೆ ಹೀಗಾಯಿತು ಅಂತ ಷೇರುಪೇಟೆಗೆ ಬರೆದುಕೊಟ್ಟೆವು.

ಆಮೇಲೆ ದಂಡದ ನೋಟಿಸು. ಬೋರ್ಡ್ ರಚನೆ ಸರಿಯಿಲ್ಲದ ಪ್ರತಿ ದಿನಕ್ಕೆ ₹5,000. ಜುಲೈನಿಂದ ಸೆಪ್ಟೆಂಬರ್ ತನಕ 92 ದಿನ, ₹4,60,000. ಜಿಎಸ್‌ಟಿ ಸೇರಿ ₹5,42,800. ಬಿಎಸ್‌ಇ ಒಂದು ಸಲ, ಎನ್‌ಎಸ್‌ಇ ಇನ್ನೊಂದು ಸಲ. ನೇಮಕ ಮಾಡುವ ಅಧಿಕಾರ ಭಾರತದ ರಾಷ್ಟ್ರಪತಿಯವರದು, ನಮ್ಮ ಕೈಯಲ್ಲಿಲ್ಲ, ಮನ್ನಾ ಮಾಡಿ ಅಂತ ಉತ್ತರ ಬರೆದೆ. ಅದು ಸತ್ಯವೇ. ಆದರೆ ನೋಟಿಸು ಬರುವುದು ಕಂಪನಿಗೇ ಅಲ್ವಾ?

ಜಾಸ್ತಿ ನೋವಾಗಿದ್ದು ಮೂರನೆಯದಕ್ಕೆ. ಹೊಸ ಶೆಡ್ಡು, ಯಂತ್ರಗಳ ಯೋಜನೆ ಬೋರ್ಡಿನ ಮುಂದಿತ್ತು. ಮಿನಿರತ್ನ ಅಂದರೆ ಇಂಥ ಖರ್ಚನ್ನು ಒಂದು ಮಿತಿಯೊಳಗೆ ದೆಹಲಿಯನ್ನು ಕೇಳದೆ ನಾವೇ ಒಪ್ಪಬಹುದು. ಆದರೆ ಬೋರ್ಡಿನಲ್ಲಿ ಸರ್ಕಾರದವರೂ ಕಂಪನಿಯವರೂ ಅಲ್ಲದ ಮೂವರಾದರೂ ಇರಬೇಕೆಂಬ ಷರತ್ತಿದೆ. ಇರಲಿಲ್ಲ. ಫೈಲು ದೆಹಲಿಗೆ ಹೋಯಿತು. ಸ್ವಾಯತ್ತತೆಯನ್ನು ಯಾರೂ ಆದೇಶ ಹೊರಡಿಸಿ ಕಿತ್ತುಕೊಳ್ಳಲಿಲ್ಲ, ಕುರ್ಚಿ ತುಂಬಲಿಲ್ಲ ಅಷ್ಟೆ.

ಕ್ಯಾಂಟೀನಿನಲ್ಲಿ ಷೇರು ಮಾರಾಟದ ಮಾತು ಬಂದಾಗ ಫೈನಾನ್ಸಿನವರು, "ಇನ್ನೊಂದಿಷ್ಟು ಮಾರಿದರೆ ಶಿಸ್ತು ಬರುತ್ತೆ" ಅನ್ನುತ್ತಾರೆ. ಯೂನಿಯನ್ನಿನವರು ಮಾರಲೇಬೇಡಿ ಅನ್ನುತ್ತಾರೆ. ನನಗೆ ಅನ್ನಿಸುವುದು ಬೇರೆ. 10 ಪರ್ಸೆಂಟ್ ಮಾರಿದರೆ ಸೆಬಿ ನಿಯಮ ಬರುತ್ತದೆ, ದಂಡವೂ ಬರುತ್ತದೆ. ಆದರೆ 51 ಪರ್ಸೆಂಟ್ ಸರ್ಕಾರದ ಹತ್ತಿರ ಇರುವ ತನಕ ನೇಮಕದ ಫೈಲು ಅದೇ ಮೇಜಿನ ಮೇಲೇ ಇರುತ್ತದೆ. 2022ರಲ್ಲಿ ಏರ್ ಇಂಡಿಯಾ ಪೂರ್ತಿ ಕೈಬದಲಾಯಿತು, ಅದರ ಜತೆ ಆ ಫೈಲೂ ಹೋಯಿತು. ಚಿಲ್ಲರೆ ಚಿಲ್ಲರೆಯಾಗಿ ಮಾರಿದರೆ ದುಡ್ಡು ಸರ್ಕಾರಕ್ಕೆ, ನೋಟಿಸು ನಮಗೆ.

ಈಗ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ: ನಿರ್ದೇಶಕರ ಹೆಸರು, ಅವಧಿ ಮುಗಿಯುವ ದಿನ. ಆರು ತಿಂಗಳು ಮುಂಚೆ ಸಚಿವಾಲಯಕ್ಕೆ ಪತ್ರ ಹೋಗುತ್ತದೆ. ಒಬ್ಬರು ಹೋದರೆ ಏನೇನು ನಿಲ್ಲುತ್ತದೆ ಅಂತ ಅದರಲ್ಲೇ ಬರೆಯುತ್ತೇನೆ. ಎಲ್ಲರನ್ನೂ ಒಂದೇ ದಿನಕ್ಕೆ ನೇಮಿಸಬೇಡಿ ಅಂತಲೂ ಕೇಳುತ್ತೇನೆ. ದೊಡ್ಡ ಖರ್ಚಿನ ಪ್ರಸ್ತಾವಗಳನ್ನು ಕುರ್ಚಿ ಖಾಲಿಯಾಗುವ ಮುಂಚಿನ ಸಭೆಗೇ ತರುತ್ತೇವೆ. ಹೋದ ವಾರದ ಪತ್ರಕ್ಕೆ ಉತ್ತರ ಬಂದಿದೆ: "ಪರಿಶೀಲನೆಯಲ್ಲಿದೆ."