ಆ ಗಿಟಾರ್ ತುಣುಕು ಯಾರದ್ದು?

ಪರಿಚಯದ ಪಶುವೈದ್ಯೆಯೊಬ್ಬರು ತಮ್ಮ ಯೂಟ್ಯೂಬ್ ಚಾನೆಲ್‌ಗೆ ನನ್ನಿಂದ ವಿಡಿಯೋ ಎಡಿಟ್ ಮಾಡಿಸುತ್ತಾರೆ. ಆ ಸಲದ ವಿಷಯ, ನಾಯಿಮರಿಗೆ ಮೊದಲ ಸ್ನಾನ ಮಾಡಿಸುವುದು ಹೇಗೆ ಅಂತ. ಎಂಟು ನಿಮಿಷದ ವಿಡಿಯೋ. ಹಿನ್ನೆಲೆಗೆ ಒಂದು ಮ್ಯೂಸಿಕ್ ಲೈಬ್ರರಿಯಿಂದ ದುಡ್ಡು ಕೊಟ್ಟು ತಗೊಂಡ ರಾಯಲ್ಟಿ ಫ್ರೀ ಗಿಟಾರ್ ಟ್ರ್ಯಾಕ್ ಹಾಕಿದ್ದೆ. ಭಾನುವಾರ ಸಂಜೆ ಅಪ್‌ಲೋಡ್ ಆಯಿತು. ಸೋಮವಾರ ಬೆಳಿಗ್ಗೆ ಅವರ ಮೆಸೇಜ್ ಬಂತು: "ಕಾಪಿರೈಟ್ ಕ್ಲೇಮ್ ಅಂತ ತೋರಿಸ್ತಿದೆ. ಮ್ಯೂಸಿಕ್ ರಾಯಲ್ಟಿ ಫ್ರೀ ಅಂದಿದ್ರಲ್ಲ?"

ಹೌದು, ಅಂದಿದ್ದೆ. ಆದರೆ ಆ ಮಾತಿನ ಅರ್ಥ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅವರು ಅದನ್ನು 'ಕಾಪಿರೈಟ್ ಇಲ್ಲದ ಸಂಗೀತ' ಅಂತ ತಿಳಿದಿದ್ದರು. ತುಂಬಾ ಜನ ಹಾಗೇ ತಿಳಿದಿರುತ್ತಾರೆ. ರಾಯಲ್ಟಿ ಎಂದರೆ ಪ್ರತಿ ಸಲ ಬಳಸಿದಾಗಲೂ, ಪ್ರತಿ ಸಲ ಪ್ರಸಾರವಾದಾಗಲೂ ಕೊಡಬೇಕಾದ ಹಣ. ರಾಯಲ್ಟಿ ಫ್ರೀ ಎಂದರೆ ಒಂದೇ ಸಲ ಶುಲ್ಕ ಕಟ್ಟಿ, ಆಮೇಲೆ ವಿಡಿಯೋವನ್ನು ಹತ್ತು ಜನ ನೋಡಿದರೂ ಹತ್ತು ಲಕ್ಷ ಜನ ನೋಡಿದರೂ ಮತ್ತೆ ಕಟ್ಟಬೇಕಿಲ್ಲ ಅಂತ, ಅಷ್ಟೇ. ಟ್ರ್ಯಾಕ್‌ನ ಕಾಪಿರೈಟ್ ಅದರ ಹಕ್ಕುದಾರರ ಹತ್ತಿರವೇ ಇರುತ್ತದೆ. ನಮಗೆ ಸಿಗುವುದು ಬಳಸಲು ಒಂದು ಅನುಮತಿ. ಎಲ್ಲಿ, ಯಾವುದಕ್ಕೆ, ಎಷ್ಟು ಸಲ ಬಳಸಬಹುದು ಅನ್ನೋದು ಲೈಸೆನ್ಸ್ ಪತ್ರದಲ್ಲಿ ಇರುತ್ತದೆ.

ಮೊದಲು ಅವರನ್ನು ಸಮಾಧಾನ ಮಾಡಿದೆ. ಬಂದಿರುವುದು ಕ್ಲೇಮ್, ಸ್ಟ್ರೈಕ್ ಅಲ್ಲ. ಕ್ಲೇಮ್ ಆ ಒಂದು ವಿಡಿಯೋಗೆ ಸಂಬಂಧಿಸಿದ್ದು. ಇಲ್ಲಿ ಅದರ ಪರಿಣಾಮ ಏನೆಂದರೆ, ಜಾಹೀರಾತಿನ ಹಣ ಅವರಿಗೆ ಬರುವ ಬದಲು ಕ್ಲೇಮ್ ಮಾಡಿದವರಿಗೆ ಹೋಗುತ್ತದೆ. ಚಾನೆಲ್‌ಗೇ ಕುತ್ತು ತರುವುದು ಸ್ಟ್ರೈಕ್. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು.

ಆಮೇಲೆ ಅವರ ಲ್ಯಾಪ್‌ಟಾಪ್ ಮುಂದೆ ಇಬ್ಬರೂ ಕೂತು ಕ್ಲೇಮ್‌ನ ವಿವರ ತೆರೆದೆವು. ಅಲ್ಲಿ ನಮ್ಮ ಟ್ರ್ಯಾಕ್‌ನ ಹೆಸರೇ ಇರಲಿಲ್ಲ. ಯಾವುದೋ ಹಾಡಿನ ಹೆಸರು, ಯಾರೋ ಗಾಯಕರ ಹೆಸರು ಇತ್ತು. ನಮ್ಮ ವಿಡಿಯೋದಲ್ಲಿ ಹೊಂದಿಕೆಯಾಗಿದ್ದು ಎರಡು ಕಡೆ: ಶುರುವಿನ ಸುಮಾರು 18 ಸೆಕೆಂಡ್, ಮತ್ತೆ ಕೊನೆಯಲ್ಲಿ ಅದೇ ತುಣುಕು ಮರಳಿ ಬರುವ ಜಾಗ. ನಡುವಿನ ಭಾಗಕ್ಕೆ ಏನೂ ಇಲ್ಲ.

ಆ ಹಾಡನ್ನು ಹುಡುಕಿ ಹೆಡ್‌ಫೋನ್ ಹಾಕಿ ಕೇಳಿದೆ. ಮೊದಲ ಸ್ವರಕ್ಕೇ ಗೊತ್ತಾಯಿತು. ಅದೇ ಗಿಟಾರ್. ಮೂರನೇ ಸ್ವರದ ಹತ್ತಿರ ಬೆರಳು ತಂತಿಯ ಮೇಲೆ ಜಾರುವ ಸಣ್ಣ ಕಿರ್ ಸದ್ದು ಕೂಡ ಅದೇ. ಸರಿಯಾಗಿ 18ನೇ ಸೆಕೆಂಡಿಗೆ ಹಾಡುವ ದನಿ ಶುರುವಾಗುತ್ತದೆ. ಅಂದರೆ ಯಾರೋ ನಮ್ಮ ಹಾಗೆಯೇ ಆ ಟ್ರ್ಯಾಕ್ ತಗೊಂಡು, ಅದರ ಮೇಲೆ ಹಾಡಿ, ವಿತರಕರ ಮೂಲಕ ಮ್ಯೂಸಿಕ್ ಆ್ಯಪ್‌ಗಳಿಗೆ ಕಳಿಸಿದ್ದಾರೆ. ಹಾಗೆ ಕಳಿಸುವಾಗ ಯೂಟ್ಯೂಬ್‌ನ ಕಂಟೆಂಟ್ ಐಡಿ ಎಂಬ ತಪಾಸಣಾ ವ್ಯವಸ್ಥೆಯಲ್ಲೂ ಸೇರಿಸಿದ್ದಾರೆ.

ಕಂಟೆಂಟ್ ಐಡಿ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ. ಹಕ್ಕುದಾರರು ಕೊಟ್ಟ ಆಡಿಯೋದ ಬೆರಳಚ್ಚನ್ನು ಅದು ಇಟ್ಟುಕೊಳ್ಳುತ್ತದೆ. ಅಪ್‌ಲೋಡ್ ಆಗುವ ವಿಡಿಯೋಗಳನ್ನು ಅದಕ್ಕೆ ಹೋಲಿಸಿ ನೋಡುತ್ತದೆ. ಸದ್ದು ಹೊಂದಿಕೆಯಾಯಿತೇ ಅನ್ನೋದಷ್ಟೇ ಅದಕ್ಕೆ ಗೊತ್ತು. ನಮ್ಮ ಹತ್ತಿರ ಲೈಸೆನ್ಸ್ ಇದೆಯೇ ಅಂತ ಅದಕ್ಕೆ ತಿಳಿಯುವ ದಾರಿ ಇಲ್ಲ. ಆ ಹಾಡಿನ ಮೊದಲ 18 ಸೆಕೆಂಡ್ ಬರೀ ಗಿಟಾರ್ ಇದ್ದದ್ದರಿಂದ, ನಮ್ಮ ವಿಡಿಯೋದ ಅದೇ ಗಿಟಾರ್ ಅವರ ಹಾಡಿನಂತೆ ಕಂಡಿದೆ. ಹೀಗೆ ಹಲವರಿಗೆ ಲೈಸೆನ್ಸ್ ಆಗಿರುವ ಸದ್ದನ್ನು ಕಂಟೆಂಟ್ ಐಡಿಗೆ ಕೊಡಬಾರದು ಅಂತ ಯೂಟ್ಯೂಬ್‌ನ ನಿಯಮದಲ್ಲೇ ಇದೆ. ಹಾಗಾಗಿ ನಮ್ಮ ಪಕ್ಷ ಗಟ್ಟಿಯಾಗಿತ್ತು.

ಆದರೂ ಕ್ಲೇಮ್ ತಪ್ಪು ಅಂತ ಡಿಸ್ಪ್ಯೂಟ್ ಹಾಕುವ ಮುನ್ನ ನಾನು ಲೈಸೆನ್ಸ್ ಪತ್ರವನ್ನು ಸಾಲು ಸಾಲಾಗಿ ಓದಿದೆ. ಕಾರಣ, ಲೈಸೆನ್ಸ್ ನನ್ನ ಹೆಸರಿನಲ್ಲಿದೆ, ಚಾನೆಲ್ ಅವರದು. ಪುಣ್ಯಕ್ಕೆ, 'ಗ್ರಾಹಕರಿಗಾಗಿ ಮಾಡುವ ಒಂದು ಪ್ರಾಜೆಕ್ಟ್‌ನಲ್ಲಿ ಬಳಸಬಹುದು' ಎಂಬ ಮಾತು ಅದರಲ್ಲಿತ್ತು. ಇಲ್ಲದಿದ್ದರೆ ನಾನು ಡಿಸ್ಪ್ಯೂಟ್ ಹಾಕಿಸುತ್ತಿರಲಿಲ್ಲ. ಡಿಸ್ಪ್ಯೂಟ್ ಹಾಕಿದರೆ ಕ್ಲೇಮ್ ಮಾಡಿದವರಿಗೆ ಉತ್ತರಿಸಲು 30 ದಿನ ಇರುತ್ತದೆ. ಅವರು ಒಪ್ಪದಿದ್ದರೆ ನಾವು ಅಪೀಲ್ ಹಾಕಬಹುದು. ಆಗ ಅವರಿಗೆ 7 ದಿನ. ಅಷ್ಟರಲ್ಲಿ ಅವರು ವಿಡಿಯೋ ತೆಗೆಸಲು ಕಾನೂನಿನ ಕೋರಿಕೆ ಕೊಟ್ಟು, ಅದು ಸಿಂಧು ಅಂತಾದರೆ ಸ್ಟ್ರೈಕ್ ಬೀಳುತ್ತದೆ. ಕೈಯಲ್ಲಿ ಪತ್ರ ಇಲ್ಲದೆ ಸುಮ್ನೆ ಧೈರ್ಯದ ಮೇಲೆ ಹೋಗುವ ದಾರಿ ಅಲ್ಲ ಅದು. ಪತ್ರ ಇಲ್ಲದವರಿಗೆ ಯೂಟ್ಯೂಬ್‌ನ ಎಡಿಟರ್‌ನಲ್ಲೇ ಆ ಭಾಗದ ಸಂಗೀತ ಬದಲಿಸುವುದು, ಇಲ್ಲವೇ ಆ ಭಾಗ ಕತ್ತರಿಸುವುದು ವಾಸಿ.

ಡಿಸ್ಪ್ಯೂಟ್‌ನಲ್ಲಿ ಕಾರಣ ಕೇಳಿದ ಕಡೆ License ಆರಿಸಿದೆವು. ವಿವರಣೆಯ ಜಾಗದಲ್ಲಿ ನಾಲ್ಕೈದು ಸಾಲು ಬರೆದೆವು. ಟ್ರ್ಯಾಕ್‌ನ ಹೆಸರು, ಮಾಡಿದವರ ಹೆಸರು, ಲೈಬ್ರರಿ, ಲೈಸೆನ್ಸ್ ಸಂಖ್ಯೆ, ಕೊಂಡ ದಿನಾಂಕ, ಅದು ನನ್ನ ಹೆಸರಿನಲ್ಲಿದ್ದು ಈ ಚಾನೆಲ್‌ಗಾಗಿ ಬಳಸಿದ್ದು. ಕೊನೆಗೆ, ಅವರ ಹಾಡಿನ ಮೊದಲ 18 ಸೆಕೆಂಡ್ ಇದೇ ಟ್ರ್ಯಾಕ್ ಎಂದು. ಕೋಪದ ಮಾತು ಒಂದೂ ಬೇಡ ಅಂದೆ. ಆ ಕಡೆ ಓದುವವರಿಗೆ ಬೇಕಾದದ್ದು ಮಾಹಿತಿ, ಅಲ್ವಾ? ಕ್ಲೇಮ್ ಬಂದು ಐದು ದಿನದ ಒಳಗೆ ಡಿಸ್ಪ್ಯೂಟ್ ಹಾಕಿದರೆ ಮೊದಲ ದಿನದಿಂದಲೂ ಬರುವ ಹಣವನ್ನು ಯೂಟ್ಯೂಬ್ ಯಾರಿಗೂ ಕೊಡದೆ ಹಿಡಿದಿಡುತ್ತದೆ. ಅದಕ್ಕೇ ಅವತ್ತೇ ಕಳಿಸಿದೆವು. ಲೈಬ್ರರಿಯವರಿಗೂ ಒಂದು ಮೇಲ್ ಹಾಕಿದೆ. ಒಂಬತ್ತನೇ ದಿನ ಕ್ಲೇಮ್ ತೆಗೆದರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ. ಕ್ಲೇಮ್ ಹೋದ ಖುಷಿಯಲ್ಲಿ ಡಾಕ್ಟರ್ ಅಂದರು, "ಇದರಲ್ಲೇ ಮೂವತ್ತು ಸೆಕೆಂಡ್ ಕತ್ತರಿಸಿ ಕೊಡಿ, ಕ್ಲಿನಿಕ್‌ಗೆ ಜಾಹೀರಾತು ಮಾಡೋಣ." ನಾನು ಹೂಂ ಅನ್ನುವವನಿದ್ದೆ. ಪತ್ರ ಇನ್ನೂ ಎದುರಿಗೇ ತೆರೆದಿತ್ತು. ಒಂದು ಪ್ರಾಜೆಕ್ಟ್. ಹಣ ಕೊಟ್ಟು ಪ್ರಸಾರ ಮಾಡುವ ಜಾಹೀರಾತಿಗೆ ಬೇರೆ ಲೈಸೆನ್ಸ್. ಎರಡೂ ಅದರಲ್ಲಿ ಸ್ಪಷ್ಟವಾಗಿದ್ದವು.

ಹಾಗೆಯೇ ವಿಡಿಯೋದಲ್ಲಿ ಬಳಸಿದ್ದ ಸ್ಟಾಕ್ ಕ್ಲಿಪ್ ನೆನಪಾಗಿ ಅದರ ಪುಟ ತೆರೆದೆ. ನಾಯಿಗಳ ಪ್ರದರ್ಶನದ ನಾಲ್ಕು ಸೆಕೆಂಡಿನ ದೃಶ್ಯ. ನೂರಾರು ಜನ, ಹಿಂದೆ ಬ್ರ್ಯಾಂಡ್‌ಗಳ ಬ್ಯಾನರು. ಕೆಳಗೆ ಸಣ್ಣಕ್ಷರದಲ್ಲಿ Editorial use only ಅಂತ ಇತ್ತು. ಅಲ್ಲಿ ಕಾಣುವ ಜನರಿಂದ ಒಪ್ಪಿಗೆ ಪತ್ರ ತಗೊಂಡಿಲ್ಲ, ಬ್ಯಾನರಿನ ಕಂಪನಿಗಳಿಂದಲೂ ಇಲ್ಲ. ಸುದ್ದಿಗೆ, ಮಾಹಿತಿಗೆ ತೋರಿಸಬಹುದು, ಏನನ್ನಾದರೂ ಮಾರಲು ಬಳಸುವಂತಿಲ್ಲ. ಕ್ಲಿಪ್‌ಗೂ ರಾಯಲ್ಟಿ ಫ್ರೀ ಎಂದೇ ಬರೆದಿತ್ತು! ಇಂಥದ್ದಕ್ಕೆ ಕ್ಲೇಮ್ ಬರುವುದೂ ಅಪರೂಪ. ಕಂಟೆಂಟ್ ಐಡಿ ಹುಡುಕುವುದು ಹೊಂದಿಕೆಯಾಗುವ ಸದ್ದು, ದೃಶ್ಯಗಳನ್ನು. ಯಾರ ಒಪ್ಪಿಗೆ ಇದೆ, ಯಾರದ್ದು ಇಲ್ಲ ಅನ್ನೋದನ್ನಲ್ಲ. ಕ್ಲೇಮ್ ಬಂದಿಲ್ಲ, ಹಾಗಾಗಿ ಎಲ್ಲ ಸರಿ ಇದೆ ಅಂತ ನಾನೂ ಎಷ್ಟೋ ಸಲ ಅಂದುಕೊಂಡಿದ್ದೆ.

ಈಗ ಪ್ರತಿ ವಿಡಿಯೋದ ಫೋಲ್ಡರಿನಲ್ಲಿ ಲೈಸೆನ್ಸ್ ಪತ್ರ ಮತ್ತು ಕೊಂಡ ದಿನದ ಷರತ್ತುಗಳ ಪುಟವನ್ನು ಪಿಡಿಎಫ್ ಮಾಡಿ ಇಡುತ್ತೇನೆ. ಷರತ್ತುಗಳನ್ನು ಆಮೇಲೆ ಬದಲಿಸುವುದುಂಟು. ವಿಡಿಯೋವನ್ನು ಮೊದಲು ಪ್ರೈವೇಟ್ ಆಗಿ ಏರಿಸಿ, ಕಾಪಿರೈಟ್ ತಪಾಸಣೆ ಮುಗಿಯುವ ತನಕ ಕಾಯುತ್ತೇವೆ. ಜಾಹೀರಾತಿಗೆ ಅದೇ ಗಿಟಾರ್‌ಗೆ ಇನ್ನೊಂದು ಲೈಸೆನ್ಸ್ ಕೊಂಡೆವು. ಪ್ರದರ್ಶನದ ದೃಶ್ಯ ಇದ್ದ ಜಾಗಕ್ಕೆ, ಡಾಕ್ಟರ್ ತಮ್ಮ ಸ್ವಂತ ನಾಯಿಗೆ ಸ್ನಾನ ಮಾಡಿಸಿ ಫೋನಿನಲ್ಲಿ ತೆಗೆದ ನಾಲ್ಕು ಸೆಕೆಂಡ್ ಬಂತು. ಅದು ಮೈ ಕೊಡವಿದಾಗ ನೀರೆಲ್ಲ ಲೆನ್ಸ್ ಮೇಲೆ.