ಭಾಷಣಕ್ಕೊಂದು ಮೇಲ್, ಪ್ರಾಯೋಜಕತ್ವಕ್ಕೆ ಇನ್ನೊಂದು

ಬ್ಯಾಕಪ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದು ಸಮ್ಮೇಳನದ ಆಯೋಜಕರಿಗೆ ಕಳಿಸಬೇಕಿದ್ದ ಮೇಲ್ ತಿದ್ದಲು ನನ್ನ ಬಳಿ ಬಂದಿತ್ತು. ವಿಷಯದ ಸಾಲಿನಲ್ಲಿ ‘ಸಹಯೋಗದ ಅವಕಾಶ’ ಎಂದಿತ್ತು. ಮೊದಲೆರಡು ಪ್ಯಾರಾ ಕಂಪನಿಯ ಚರಿತ್ರೆ. ಕೊನೆಯಲ್ಲಿ ಒಂದು ಸಾಲು: ‘ಭಾಷಣಕ್ಕೆ ಅವಕಾಶ ಸಿಕ್ಕರೆ ಪ್ರಾಯೋಜಕತ್ವವನ್ನೂ ಪರಿಶೀಲಿಸುತ್ತೇವೆ.’

ಕೆಲಸ ಕೆಡುವುದು ಈ ಸಾಲಿನಿಂದಲೇ. ಬಹಳಷ್ಟು ಸಮ್ಮೇಳನಗಳಲ್ಲಿ ಭಾಷಣ ಆರಿಸುವ ಸಮಿತಿಯೇ ಬೇರೆ, ಪ್ರಾಯೋಜಕರನ್ನು ನೋಡಿಕೊಳ್ಳುವವರೇ ಬೇರೆ. ದುಡ್ಡು ಕೊಟ್ಟವರಿಗೆ ವೇದಿಕೆ ಸಿಗುತ್ತದೆ ಎಂಬ ಮಾತು ಬರಬಾರದೆಂದು ಸಮಿತಿಯವರು ಇಂಥ ಮೇಲನ್ನು ಪ್ರಾಯೋಜಕತ್ವದ ಕಡೆಗೆ ದಾಟಿಸಿಬಿಡುತ್ತಾರೆ. ಅಲ್ಲಿಂದ ದರಪಟ್ಟಿಯಷ್ಟೇ ಉತ್ತರವಾಗಿ ಬಂದರೆ, ನಿಮ್ಮ ಭಾಷಣದ ಪ್ರಸ್ತಾವವನ್ನು ಯಾರೂ ಓದಿಲ್ಲ ಎಂದೇ ತಿಳಿಯಬೇಕು. ಹಣ ಕೊಟ್ಟು ಭಾಷಣದ ಸಮಯ ಪಡೆಯುವ ವ್ಯವಸ್ಥೆಯೂ ಕೆಲವೆಡೆ ಇದೆ. ಆದರೆ ವೇಳಾಪಟ್ಟಿಯಲ್ಲಿ ‘ಪ್ರಾಯೋಜಿತ’ ಎಂದು ಕಂಡರೆ ಕೇಳುಗರು ಜಾಹೀರಾತೆಂದು ಆಚೆಗೆ ನಡೆಯುವುದೂ ಉಂಟು.

ಹಾಗಾಗಿ ಒಂದು ಮೇಲ್ ಎರಡಾಯಿತು. ಭಾಷಣದ್ದು ಹೀಗೆ:

‘ವಿಷಯ: ಭಾಷಣ ಪ್ರಸ್ತಾವ: ಬ್ಯಾಕಪ್ ಇದ್ದರೂ ಡೇಟಾ ಮರಳದಿದ್ದಾಗ (25 ನಿಮಿಷ)

ನಮಸ್ಕಾರ. ಬ್ಯಾಕಪ್ ಸರಿಯಾಗಿದೆ ಎಂದು ತೋರಿಸುತ್ತಿದ್ದರೂ ಡೇಟಾ ಮರಳಿ ಬಾರದಿರಲು ಮೂರು ಕಾರಣಗಳು, ಅವನ್ನು ಮುಂಚೆಯೇ ಹಿಡಿಯುವ ಪರೀಕ್ಷೆ: ಇದು ಭಾಷಣದ ತಿರುಳು. ಡೇಟಾಬೇಸ್ ನೋಡಿಕೊಳ್ಳುವವರಿಗಾಗಿ. ನಮ್ಮ ಉತ್ಪನ್ನದ ಪ್ರದರ್ಶನ ಇರುವುದಿಲ್ಲ. ಹಿಂದಿನ ಭಾಷಣದ ವಿಡಿಯೊ ಲಿಂಕ್ ಕೆಳಗಿದೆ. ಇದನ್ನು ಯಾವ ವಿಭಾಗಕ್ಕೆ ಸಲ್ಲಿಸಲಿ?’

ಕೊನೆಯ ಪ್ರಶ್ನೆಗೆ ಆಯೋಜಕರು ಫೋನಿನಲ್ಲೇ ಒಂದು ಪದದ ಉತ್ತರ ಕೊಡಬಹುದು. ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದು ಮುಗಿಸಿದರೆ ಅವರು ಕೂತು ಯೋಚಿಸಬೇಕು, ಮೇಲ್ ನಾಳೆಗೆ ಸರಿಯುತ್ತದೆ. ಶೀರ್ಷಿಕೆಯನ್ನು ವಿಷಯದ ಸಾಲಿನಲ್ಲೇ ಇಟ್ಟದ್ದು ಆಮೇಲೆ ಹುಡುಕಿದರೆ ಸಿಗಲಿ ಎಂದು. ಪ್ರಸ್ತಾವ ಸಲ್ಲಿಸುವ ಫಾರ್ಮ್ ತೆರೆದಿದ್ದರೆ ಅದನ್ನು ತುಂಬಲೇಬೇಕು, ಮೇಲ್ ಅದರ ಬದಲಿಯಲ್ಲ. ಹೆಸರು ಮರೆಮಾಡಿ ಪರಿಶೀಲಿಸುವ ಕಡೆ ಸಾರಾಂಶದೊಳಗೆ ಕಂಪನಿಯ ಹೆಸರು ಬಂದರೆ ಪ್ರಸ್ತಾವ ತಿರಸ್ಕೃತವಾದೀತು.

ಪ್ರಾಯೋಜಕತ್ವದ ಮೇಲ್ ಇನ್ನೂ ಚಿಕ್ಕದು. ಎಷ್ಟರಿಂದ ಎಷ್ಟರವರೆಗೆ ಕೊಡಬಲ್ಲೆವು, ಪ್ರತಿಯಾಗಿ ಏನು ಬೇಕು, ಒಳಗಿನ ಮಂಜೂರಾತಿ ಯಾವ ದಿನಕ್ಕೆ ಸಿಗುತ್ತದೆ, ಇನ್‌ವಾಯ್ಸ್ ಯಾರ ಹೆಸರಿಗೆ ಎಂಬುದಷ್ಟೇ. ಮಂಜೂರಾತಿಯ ದಿನ ಬರೆಯದವರು ಬ್ಯಾನರ್ ಮುದ್ರಣಕ್ಕೆ ಹೋದ ಮೇಲೆ ಲೋಗೊ ಕಳಿಸುತ್ತಾರೆ. ‘ಬಂದವರ ಇಮೇಲ್ ಪಟ್ಟಿ ಬೇಕು’ ಎಂಬ ಸಾಲನ್ನು ತೆಗೆದುಹಾಕಿದೆ. ಬಂದವರ ಒಪ್ಪಿಗೆಯಿಲ್ಲದೆ ಅದನ್ನು ಕೊಡುವಂತಿಲ್ಲ. ಅದರ ಬದಲು ಮಳಿಗೆಗೆ ಬಂದವರು ತಾವಾಗಿಯೇ ವಿವರ ಬರೆದುಹೋಗುವ ವ್ಯವಸ್ಥೆಗೆ ಜಾಗ ಕೇಳಿದರೆ ಸಾಕು.

ವಾರ ಕಳೆದರೂ ಉತ್ತರವಿಲ್ಲದಿದ್ದರೆ ಅದೇ ಮೇಲ್‌ಗೆ ರಿಪ್ಲೈ ಒತ್ತಿ ಒಂದು ಸಾಲು ಬರೆಯಿರಿ. ಹೊಸ ಮೇಲ್ ಕಳಿಸಿದರೆ ಅವರು ಹಳೆಯದನ್ನು ಹುಡುಕಬೇಕಾಗುತ್ತದೆ.